ಟ್ಯಾಲಿ ಆದ ಮೇಲೂ ತಪ್ಪಿದ್ದ ಕ್ಯಾಶ್ ಫ್ಲೋ: ಹಾಸನದ ಆಫೀಸಿನಲ್ಲಿ ನನ್ನ ಹತ್ತು ದಿನ

ಜುಲೈ ತಿಂಗಳ ಒಂದು ಸೋಮವಾರ. ಆಲೂರಿನಿಂದ ಬಸ್ ಹಿಡಿದು ಹಾಸನಕ್ಕೆ ಬಂದಾಗ ಜಿಟಿಜಿಟಿ ಮಳೆ. ಬಿ.ಎಂ. ರಸ್ತೆಯ ಪಕ್ಕದ ಒಂದು ಆಡಿಟರ್ ಆಫೀಸಿನಲ್ಲಿ ನನ್ನ ಇಂಟರ್ನ್‌ಶಿಪ್ ನಡೀತಿತ್ತು. ಅಲ್ಲಿಯವರೆಗೆ ವೋಚರ್ ಜೋಡಿಸುವುದು, ಜೆರಾಕ್ಸ್ ಮಾಡಿಸಿಕೊಂಡು ಬರುವುದು, ಇಷ್ಟೇ ನನ್ನ ಕೆಲಸ. ಅವತ್ತು ಸರ್ ಒಂದು ಫೈಲ್ ತಂದು ನನ್ನ ಟೇಬಲ್ ಮೇಲಿಟ್ಟರು.

"ಕಾಫಿ ಕ್ಯೂರಿಂಗ್ ಕಂಪನಿದು. ಬ್ಯಾಂಕಲ್ಲಿ ಹೊಸದಾಗಿ ಓಡಿ ಲಿಮಿಟ್ ಕೇಳಿದ್ದಾರೆ. ಎರಡು ವರ್ಷದ ಬ್ಯಾಲೆನ್ಸ್ ಶೀಟ್ ಇದೆ. ಕ್ಯಾಶ್ ಫ್ಲೋ ಮಾಡಿಕೊಡಮ್ಮ, ಇಂಡೈರೆಕ್ಟ್ ಮೆಥಡ್. ಕಾಲೇಜಲ್ಲಿ ಮಾಡಿದ್ದೀಯಲ್ಲ?"

ಮಾಡಿದ್ದೆ. ಆ ಪೇಪರ್‌ನಲ್ಲಿ ನನಗೆ ಒಳ್ಳೆ ಮಾರ್ಕ್ಸೇ ಬಂದಿತ್ತು. ಅದಕ್ಕೇ ಧೈರ್ಯವಾಗಿ ತಲೆಯಾಡಿಸಿದೆ.

ಬ್ಯಾಂಕ್ ಕೇಳುವವರೆಗೆ ಈ ಕಂಪನಿ ಕ್ಯಾಶ್ ಫ್ಲೋ ಮಾಡಿಸಿಯೇ ಇರಲಿಲ್ಲ. ಅದೇನೂ ತಪ್ಪಲ್ಲ. 2013ರ ಕಂಪನಿ ಕಾಯ್ದೆಯ 2(40)ನೇ ಸೆಕ್ಷನ್ ಪ್ರಕಾರ ಒನ್ ಪರ್ಸನ್ ಕಂಪನಿ, ಸ್ಮಾಲ್ ಕಂಪನಿ, ಡಾರ್ಮಂಟ್ ಕಂಪನಿಗಳು ಹಣಕಾಸು ತಖ್ತೆಗಳ ಜೊತೆ ಇದನ್ನು ಕೊಡದೇ ಇರಬಹುದು. ನಮ್ಮದು ಸ್ಮಾಲ್ ಕಂಪನಿ. ಹಾಗಾಗಿ ಹಿಂದಿನ ವರ್ಷದ್ದನ್ನು ನೋಡಿಕೊಂಡು ಬರೆಯೋಣ ಅಂದರೆ ಹಿಂದಿನದು ಅನ್ನುವುದೇ ಇರಲಿಲ್ಲ.

ಫೈಲ್‌ನಲ್ಲಿದ್ದದ್ದು ಇಷ್ಟು. ಕಂಪನಿಯ ಗುಟ್ಟು ಅವರಲ್ಲೇ ಇರಲಿ ಅಂತ ಅಂಕಿಗಳನ್ನು ಬದಲಿಸಿ, ಲಕ್ಷಕ್ಕೆ ಸರಿಮಾಡಿ ಬರೆದಿದ್ದೇನೆ. ತೊಡಕು ಮಾತ್ರ ಇದ್ದ ಹಾಗೇ ಇದೆ.

| ಲಕ್ಷ ರೂಪಾಯಿಗಳಲ್ಲಿ | 31 ಮಾರ್ಚ್ 2024 | 31 ಮಾರ್ಚ್ 2025 |
|---|---|---|
| ಷೇರು ಬಂಡವಾಳ | 40 | 40 |
| ರಿಸರ್ವ್ ಮತ್ತು ಸರ್‌ಪ್ಲಸ್ | 18 | 25 |
| ಟರ್ಮ್ ಲೋನ್ | 20 | 26 |
| ಕ್ರೆಡಿಟರ್ಸ್ | 9 | 7 |
| ತೆರಿಗೆಗೆ ಪ್ರಾವಿಷನ್ | 3 | 4 |
| ಒಟ್ಟು | 90 | 102 |
| ಯಂತ್ರಗಳು (ಸವಕಳಿ ಕಳೆದು) | 45 | 54 |
| ಸ್ಟಾಕ್ | 22 | 30 |
| ಡೆಟರ್ಸ್ | 15 | 13 |
| ಕ್ಯಾಶ್ ಮತ್ತು ಬ್ಯಾಂಕ್ | 8 | 5 |
| ಒಟ್ಟು | 90 | 102 |

ಲಾಭ-ನಷ್ಟ ಖಾತೆಯಿಂದ ನನಗೆ ಬೇಕಾದದ್ದು ನಾಲ್ಕೇ ಅಂಕಿ. ತೆರಿಗೆಗೆ ಮುಂಚಿನ ಲಾಭ 14, ಸವಕಳಿ 7, ಟರ್ಮ್ ಲೋನಿನ ಬಡ್ಡಿ 2, ವರ್ಷದ ತೆರಿಗೆ 4. ಹಿಂದಿನ ವರ್ಷದ ಡಿವಿಡೆಂಡ್ 3 ಲಕ್ಷವನ್ನು ಈ ವರ್ಷ ಕೊಟ್ಟಿದ್ದರು.

ಪ್ರಶ್ನೆ ಪತ್ರಿಕೆಯಲ್ಲಿ ಲಾಭವನ್ನು ಹೀಗೆ ನೇರವಾಗಿ ಕೊಡುವುದು ಕಡಿಮೆ, ಅದನ್ನೂ ಹಿಂದಿನಿಂದ ಕಟ್ಟಬೇಕು. ರಿಸರ್ವ್ 18ರಿಂದ 25 ಆಯಿತು, ಅಂದರೆ 7 ಉಳಿಯಿತು. ಉಳಿಯುವ ಮುಂಚೆ 3 ಡಿವಿಡೆಂಡ್ ಹೋಗಿದೆ, 4 ತೆರಿಗೆಗೆ ಎತ್ತಿಟ್ಟಿದೆ. ಮೂರನ್ನೂ ಕೂಡಿದರೆ 14. ಪರೀಕ್ಷೆ ಬರೆಯುವವರು ಇದನ್ನು ಮರೆತು 7ರಿಂದಲೇ ಶುರು ಮಾಡಿಬಿಡುತ್ತಾರೆ. ಇನ್ನೊಂದು ಮಾತು: 2016ರಲ್ಲಿ ಅಕೌಂಟಿಂಗ್ ಸ್ಟ್ಯಾಂಡರ್ಡ್ 4, ಅಂದರೆ ಎಎಸ್ 4 ತಿದ್ದುಪಡಿಯಾದ ಮೇಲೆ, ವರ್ಷ ಮುಗಿದ ನಂತರ ಘೋಷಿಸುವ ಡಿವಿಡೆಂಡ್ ಆ ವರ್ಷದ ಬ್ಯಾಲೆನ್ಸ್ ಶೀಟ್‌ನಲ್ಲಿ ಹೊಣೆಯಾಗಿ ಕಾಣುವುದಿಲ್ಲ. ಹಾಗಾಗಿ ಹೋದ ವರ್ಷದ್ದು ಅಂತ ಹೇಳಿದ ಪ್ರಸ್ತಾವಿತ ಡಿವಿಡೆಂಡ್ ಈ ವರ್ಷದ ನಗದಿನಲ್ಲಿ ಹೊರಗೆ ಹೋಗುತ್ತದೆ. ಹಳೆಯ ಗೈಡ್‌ಗಳಲ್ಲಿ ಬೇರೆ ಥರ ಇರುತ್ತದೆ, ನೋಡಿಕೊಳ್ಳಿ.

ಉತ್ತರ ಎಲ್ಲಿ ಮುಟ್ಟಬೇಕು ಅನ್ನುವುದು ಮೊದಲೇ ಗೊತ್ತಿತ್ತು. ನಗದು 8ರಿಂದ 5ಕ್ಕೆ ಇಳಿದಿದೆ. ಕೊನೆಗೆ ಮೈನಸ್ 3 ಬರಬೇಕು. 14 ಲಕ್ಷ ಲಾಭ ಮಾಡಿದ ಕಂಪನಿಯ ಕೈಲಿ ದುಡ್ಡು ಯಾಕೆ ಕಡಿಮೆ ಆಯಿತು ಅಂತ ಬ್ಯಾಂಕಿಗೆ ಹೇಳುವುದೇ ನನ್ನ ಕೆಲಸ.

ಬುಧವಾರದ ಹೊತ್ತಿಗೆ ಮೊದಲ ಕರಡು ಸಿದ್ಧವಾಯಿತು. ಲಾಭ 14ಕ್ಕೆ ಸವಕಳಿ 7 ಕೂಡಿದೆ, ಯಾಕೆಂದರೆ ಸವಕಳಿಗೆ ಯಾರೂ ದುಡ್ಡು ಎಣಿಸಿ ಕೊಡುವುದಿಲ್ಲ. ಬಡ್ಡಿ 2 ಕೂಡಿದೆ, ಅದನ್ನು ಕೆಳಗೆ ಹಣಕಾಸು ಚಟುವಟಿಕೆಯಲ್ಲಿ ತೋರಿಸಬೇಕಲ್ಲ. 23 ಆಯಿತು. ಸ್ಟಾಕ್ 8 ಹೆಚ್ಚಿದೆ. ರೋಬಸ್ಟಾ ಕೊಯ್ಲು ಮುಗಿಯುವುದೇ ಫೆಬ್ರವರಿ-ಮಾರ್ಚ್ ಹೊತ್ತಿಗೆ, ಹಾಗಾಗಿ ಮಾರ್ಚ್ 31ಕ್ಕೆ ಗೋಡೌನ್ ತುಂಬಾ ಚೆರ್ರಿ ಮೂಟೆ. ದುಡ್ಡೆಲ್ಲ ಆ ಮೂಟೆಗಳಲ್ಲಿ ಕೂತಿದೆ, ಅದಕ್ಕೆ 8 ಕಳೆದೆ. ಡೆಟರ್ಸ್ ಕಡೆಯಿಂದ 2 ವಸೂಲಾಗಿದೆ, ಕೂಡಿದೆ. ಕ್ರೆಡಿಟರ್ಸ್‌ಗೆ 2 ಜಾಸ್ತಿ ಕೊಟ್ಟಿದ್ದಾರೆ, ಕಳೆದೆ. 15 ಉಳಿಯಿತು. ತೆರಿಗೆ ಪ್ರಾವಿಷನ್ 3 ಇತ್ತು, ವರ್ಷದ 4 ಸೇರಿತು, ಕೊನೆಗೆ 4 ಉಳಿದಿದೆ, ಅಂದರೆ ಕಟ್ಟಿದ್ದು 3. ಕಾರ್ಯಾಚರಣೆಯಿಂದ 12 ಲಕ್ಷ.

ಹೂಡಿಕೆ ಚಟುವಟಿಕೆಗೆ ಬಂದೆ. ಯಂತ್ರ 45 ಇದ್ದದ್ದು 54 ಆಗಿದೆ, ಹಾಗಾದರೆ 9 ಲಕ್ಷದ್ದು ಕೊಂಡಿದ್ದಾರೆ ಅಂತ ಬರೆದೆ. ಹಣಕಾಸಿನಲ್ಲಿ ಸಾಲ 6 ಬಂದಿದೆ, ಬಡ್ಡಿ 2 ಹೋಗಿದೆ, ಡಿವಿಡೆಂಡ್ 3 ಹೋಗಿದೆ, ಉಳಿದದ್ದು 1. ಕೂಡಿದೆ. 12ರಲ್ಲಿ 9 ಕಳೆದು 1 ಸೇರಿಸಿದರೆ ಪ್ಲಸ್ 4.

ಬರಬೇಕಾದದ್ದು ಮೈನಸ್ 3. ಏಳು ಲಕ್ಷ ವ್ಯತ್ಯಾಸ.

ನಮ್ಮ ಮೇಷ್ಟ್ರು ಒಂದು ಉಪಾಯ ಹೇಳಿಕೊಟ್ಟಿದ್ದರು. ವ್ಯತ್ಯಾಸವನ್ನು ಅರ್ಧ ಮಾಡಿ ನೋಡಿ, ಆ ಅಂಕಿ ಎಲ್ಲಾದರೂ ಇದ್ದರೆ ಅದರ ಪ್ಲಸ್ಸು ಮೈನಸ್ಸು ತಿರುಗಿಹೋಗಿದೆ ಅಂತ ಅರ್ಥ. ಏಳರ ಅರ್ಧ ಮೂರೂವರೆ. ಅಂಥದ್ದು ಎಲ್ಲೂ ಇಲ್ಲ. ಸರಿ, ಏಳೇ ಎಲ್ಲಿದೆ ನೋಡೋಣ ಅಂದರೆ ಮೂರು ಕಡೆ ಇದೆ! ರಿಸರ್ವ್ ಹೆಚ್ಚಿದ್ದು 7, ಕ್ರೆಡಿಟರ್ಸ್ ಉಳಿದದ್ದು 7, ಸವಕಳಿ 7. ಗುರುವಾರ ಪೂರ್ತಿ ರಿಸರ್ವ್ ಹಿಂದೆ ಬಿದ್ದೆ. ಸಂಜೆ ಬಸ್ಸಲ್ಲಿ ಕೂತು ನೋಟ್ ಬುಕ್ಕಿನ ಹಿಂದಿನ ಪುಟದಲ್ಲಿ ಅದನ್ನೇ ಬರೆಯುತ್ತಿದ್ದೆ. ಪಕ್ಕದಲ್ಲಿದ್ದ ಅಜ್ಜಿ "ಏನವ್ವ, ಚೀಟಿ ಲೆಕ್ಕವಾ?" ಅಂತ ಕೇಳಿದರು. ಹೂಂ ಅಂದೆ.

ಶುಕ್ರವಾರ ಬೆಳಿಗ್ಗೆ ಬ್ಯಾಲೆನ್ಸ್ ಶೀಟ್‌ನಲ್ಲಿ ಯಂತ್ರಗಳ ಸಾಲನ್ನು ಓದುವಾಗ "ಸವಕಳಿ ಕಳೆದು" ಅನ್ನುವ ಮಾತು ಕಣ್ಣಿಗೆ ಬಿತ್ತು. ದಿನಾ ಓದುತ್ತಿದ್ದೆ, ನೋಡಿರಲಿಲ್ಲ ಅಷ್ಟೇ. 54 ಅನ್ನುವುದು ಈ ವರ್ಷದ 7 ಸವಕಳಿ ಕಳೆದ ಮೇಲಿನ ಅಂಕಿ. ಏನೂ ಕೊಳ್ಳದೇ ಇದ್ದಿದ್ದರೆ 45 ಇಳಿದು 38 ಆಗಬೇಕಿತ್ತು. 38ರಿಂದ 54ಕ್ಕೆ ಹೋಗಿದೆ ಅಂದರೆ ಕೊಂಡದ್ದು 9 ಅಲ್ಲ, 16. ಮೇಲೆ ಸವಕಳಿ ಕೂಡಿದ ನಾನು ಕೆಳಗೆ ಅದೇ ಸವಕಳಿಯನ್ನು ಮರೆತಿದ್ದೆ. ನಿಮ್ಮ ವ್ಯತ್ಯಾಸ ಸರಿಯಾಗಿ ವರ್ಷದ ಸವಕಳಿಯಷ್ಟೇ ಇದ್ದರೆ ಬೇರೆಲ್ಲೂ ಹುಡುಕಬೇಡಿ, ಮೊದಲು ಇಲ್ಲಿ ನೋಡಿ.

9 ಇದ್ದ ಕಡೆ 16 ಬರೆದೆ. 12, ಮೈನಸ್ 16, ಪ್ಲಸ್ 1. ಮೈನಸ್ 3!

ಆ ಖುಷಿಗೆ ಆಫೀಸಿನ ಅಕ್ಕನಿಗೂ ನನಗೂ ಕೆಳಗಿನ ಹೋಟೆಲಿನಿಂದ ಕಾಫಿ ತರಿಸಿದೆ. ಶನಿವಾರ ನೀಟಾಗಿ ಪ್ರಿಂಟ್ ತೆಗೆದು ಸರ್ ಮುಂದೆ ಇಟ್ಟೆ. ಅವರು ಕೊನೆಯ ಸಾಲನ್ನು ನೋಡಲೇ ಇಲ್ಲ. ನೇರ ನಡುವಿನ ಸಾಲಿಗೆ ಪೆನ್ನಿನ ತುದಿ ಇಟ್ಟರು.

"ಹದಿನಾರು ಲಕ್ಷದ ಯಂತ್ರ. ಬಿಲ್ ಎಲ್ಲಮ್ಮಾ?"

ಬಿಲ್ ಹುಡುಕಬೇಕು ಅಂತ ನನಗೆ ಹೊಳೆದೇ ಇರಲಿಲ್ಲ. ಟ್ಯಾಲಿ ಆಗಿದೆಯಲ್ಲ ಸರ್, ಅಂದೆ.

"ಟ್ಯಾಲಿ ಆಗದೆ ಎಲ್ಲಿ ಹೋಗುತ್ತೆ? ಎರಡು ಬ್ಯಾಲೆನ್ಸ್ ಶೀಟಿನ ವ್ಯತ್ಯಾಸಗಳನ್ನೆಲ್ಲ ಒಂದೊಂದು ಸಲ ಎಲ್ಲಾದರೂ ಬರೆದುಬಿಟ್ಟರೆ ಅದು ಟ್ಯಾಲಿ ಆಗೇ ಆಗುತ್ತೆ. ಸರಿಯಾದ ಕಡೆ ಬರೆದಿದ್ದೀಯ ಅಂತ ಅದು ಹೇಳಲ್ಲ."

ಫೈಲ್‌ನಲ್ಲಿ ಬಿಲ್ ಇರಲಿಲ್ಲ. ಸೋಮವಾರ ಬೇಲೂರು ರಸ್ತೆಯಲ್ಲಿದ್ದ ಕ್ಯೂರಿಂಗ್ ವರ್ಕ್ಸ್‌ಗೆ ನಾನೇ ಹೋದೆ. ಅವರ ಲೆಕ್ಕ ನೋಡುವವರನ್ನು ಎಸ್ಟೇಟ್ ಕಡೆಯ ಹಾಗೆ ಎಲ್ಲರೂ ರೈಟರ್ ಅಂತಲೇ ಕರೆಯುತ್ತಾರೆ. ಅವರು ತಂಗಿ ಮಗನ ಮದುವೆಗೆ ಹೋಗಿದ್ದರು, ಬುಧವಾರ ಬರುತ್ತಾರಂತೆ. ಬೀರುವಿನ ಬೀಗದ ಕೈ ಅವರ ಹತ್ತಿರವೇ. ವಾಚ್‌ಮನ್ ಕೊಟ್ಟ ಬೆಲ್ಲದ ಕಾಫಿ ಕುಡಿದು, ಖಾಲಿ ಕಣ ನೋಡಿಕೊಂಡು ವಾಪಸ್ ಬಂದೆ. ಶಕ್ತಿ ಯೋಜನೆಯಿಂದ ಬಸ್ಸಿಗೆ ದುಡ್ಡು ಹೋಗಲಿಲ್ಲ, ಒಂದು ದಿನ ಹೋಯಿತು.

ಆದರೆ ಮಂಗಳವಾರ ದಂಡವಾಗಲಿಲ್ಲ. ಅಕ್ಕ ಒಂದು ಮಾತು ಹೇಳಿದರು: "ನೆಟ್ ಅಂಕಿ ಇಟ್ಕೊಂಡು ಯಾಕೆ ಒದ್ದಾಡ್ತೀಯ? ಬ್ಯಾಲೆನ್ಸ್ ಶೀಟಿನ ಹಿಂದೆ ನೋಟ್ಸ್ ಇದೆ, ಅದರಲ್ಲಿ ಗ್ರಾಸ್ ಬ್ಲಾಕ್ ನೋಡು." ಆ ಪುಟಗಳನ್ನು ನಾನು ತಿರುವಿಯೇ ಇರಲಿಲ್ಲ. ಆ ನೋಟ್‌ನಲ್ಲಿ ಯಂತ್ರಗಳ ಮೂಲ ಬೆಲೆ 70 ಇದ್ದದ್ದು 80 ಆಗಿತ್ತು. ಒಟ್ಟು ಸೇರಿದ ಸವಕಳಿ 25 ಇದ್ದದ್ದು 26 ಆಗಿತ್ತು.

ಈ ಎರಡನೇ ಜೋಡಿಯನ್ನು ಸ್ವಲ್ಪ ನಿಂತು ನೋಡಿ. ಹೋದ ವರ್ಷದ ಕೊನೆಗೆ 25 ಇತ್ತು. ಈ ವರ್ಷ 7 ಸೇರಿಸಿದ್ದಾರೆ. 32 ಆಗಬೇಕಿತ್ತಲ್ವಾ? 26 ಇದೆ. ಆರು ಲಕ್ಷ ಸವಕಳಿ ಎಲ್ಲಿ ಹೋಯಿತು? ಸವಕಳಿ ತಾನಾಗಿ ಕರಗುವುದಿಲ್ಲ. ಯಂತ್ರವೊಂದು ಪುಸ್ತಕದಿಂದ ಹೊರಗೆ ಹೋದಾಗ ಅದರ ಸವಕಳಿಯೂ ಜೊತೆಗೇ ಹೋಗುತ್ತದೆ. ಅಂದರೆ ಇವರು ಯಾವುದೋ ಹಳೆಯ ಯಂತ್ರ ಮಾರಿದ್ದಾರೆ, ಇಲ್ಲವೇ ಬಿಸಾಕಿದ್ದಾರೆ. ನನಗೆ ಯಾರೂ ಹೇಳಿರಲಿಲ್ಲ. ಕಾಲೇಜಿನ ಲೆಕ್ಕದಲ್ಲಾದರೆ ಕೆಳಗೆ "ಹೆಚ್ಚುವರಿ ಮಾಹಿತಿ" ಅಂತ ಒಂದು ಸಾಲು ಇರುತ್ತಿತ್ತು, ಇಷ್ಟಕ್ಕೆ ಕೊಂಡದ್ದನ್ನು ಇಷ್ಟಕ್ಕೆ ಮಾರಲಾಯಿತು ಅಂತ. ಇಲ್ಲಿ ಆ ಸಾಲನ್ನು ನಾವೇ ಹುಡುಕಿಕೊಳ್ಳಬೇಕು.

ಬುಧವಾರ ರೈಟರ್ ಸಿಕ್ಕರು. ಸ್ಟೂಲ್ ಎಳೆದು "ಕೂತ್ಕೊಳವ್ವ" ಅಂದವರೇ ಬೀರು ತೆಗೆದರು.

"ಹೋದ ವರ್ಷ ಯಾವುದಾದರೂ ಯಂತ್ರ ಮಾರಿದ್ರಾ ಸರ್?"

"ಅಯ್ಯೋ, ಆ ಹಳೇ ಹಲ್ಲರ್ ಕೊಟ್ವಲ್ಲ! ಸಕಲೇಶಪುರದವರು ಬಂದು ತಗೊಂಡು ಹೋದ್ರು. ನಿಂಗೆ ಹೇಳಿರ್ಲಿಲ್ವಾ?"

ಹಲ್ಲರ್ ಅಂದರೆ ಒಣಗಿದ ಕಾಫಿಯ ಸಿಪ್ಪೆ ಬಿಡಿಸುವ ಯಂತ್ರ. ಅದರ ಮೂಲ ಬೆಲೆ 10 ಲಕ್ಷ. ಅಲ್ಲಿಯವರೆಗಿನ ಸವಕಳಿ 6. ಪುಸ್ತಕದಲ್ಲಿ ಉಳಿದ ಬೆಲೆ 4. ಮಾರಿದ್ದು 5ಕ್ಕೆ. ಬಂದ 1 ಲಕ್ಷ ಲಾಭ ಲಾಭ-ನಷ್ಟ ಖಾತೆಯಲ್ಲಿ "ಇತರ ಆದಾಯ" ಅನ್ನುವ ತಲೆಬರಹದೊಳಗೆ, ಹಳೇ ಗೋಣಿಚೀಲ ಮಾರಿದ ಚಿಲ್ಲರೆ ದುಡ್ಡಿನ ಜೊತೆ ಕೂತಿತ್ತು. ಅದರ ಬದಲಿಗೆ ಒಂದು ಕಲರ್ ಸಾರ್ಟರ್ ತಂದಿದ್ದರು, ಕೆಟ್ಟ ಬೀಜ ಬಣ್ಣ ನೋಡಿ ಬೇರೆ ಮಾಡುತ್ತಲ್ಲ, ಅದು. ಬಿಲ್ ಕೈಗೆ ಬಂತು. ಜಿಎಸ್‌ಟಿ ಬಿಟ್ಟು 20 ಲಕ್ಷ. ಹದಿನಾರಲ್ಲ.

ಕೂತಲ್ಲೇ ಎರಡು ಖಾತೆ ಗೀಚಿದೆ. ಯಂತ್ರ ಖಾತೆ: ಶುರುವಿನಲ್ಲಿ 70, ಕೊಂಡದ್ದು 20, ಹೋದ ಹಲ್ಲರ್ 10, ಉಳಿದದ್ದು 80. ಸವಕಳಿ ಖಾತೆ: ಶುರುವಿನಲ್ಲಿ 25, ಈ ವರ್ಷದ್ದು 7, ಹಲ್ಲರ್ ಜೊತೆ ಹೋದದ್ದು 6, ಉಳಿದದ್ದು 26. ಎರಡೂ ಕೂತವು. ನನ್ನ 16 ಎಲ್ಲಿಂದ ಬಂತು ಅಂತಲೂ ಗೊತ್ತಾಯಿತು. ಕೊಂಡ 20ರಲ್ಲಿ ಹಲ್ಲರ್‌ನ ಪುಸ್ತಕ ಬೆಲೆ 4 ಕಳೆದುಹೋಗಿತ್ತು. ಕೊಂಡದ್ದೂ ಮಾರಿದ್ದೂ ಒಂದರೊಳಗೊಂದು ಸೇರಿ, ಯಾವ ಬಿಲ್‌ನಲ್ಲೂ ಇಲ್ಲದ ಒಂದು ಅಂಕಿ ಹುಟ್ಟಿತ್ತು.

ಟ್ಯಾಲಿ ಮಾತ್ರ ಹೇಗೆ ಆಯಿತು ಅನ್ನುತ್ತೀರಾ? ಹಲ್ಲರ್‌ನಿಂದ ಬಂದ ದುಡ್ಡು 5. ಅದರಲ್ಲಿ 4 ನನ್ನ ಹೂಡಿಕೆಯ ಸಾಲಿನಲ್ಲಿ ಗುಟ್ಟಾಗಿ ಸೇರಿತ್ತು. ಉಳಿದ 1 ಮೇಲೆ ಲಾಭ 14ರ ಒಳಗೇ ಇತ್ತು, ನಾನದನ್ನು ತೆಗೆದಿರಲಿಲ್ಲ. ಎರಡೂ ಕಡೆ ಸೇರಿ ಐದೂ ಬಂದಿತ್ತು, ಬರಬೇಕಾದ ಜಾಗಕ್ಕೆ ಬಂದಿರಲಿಲ್ಲ. ಎಎಸ್ 3 ಪ್ರಕಾರ ಯಂತ್ರ ಮಾರಿದ ದುಡ್ಡು ಪೂರ್ತಿ ಹೂಡಿಕೆ ಚಟುವಟಿಕೆಗೆ ಸೇರಬೇಕು. ಅದಕ್ಕೇ ಮೇಲೆ ಲಾಭದಲ್ಲಿ ಆ 1ನ್ನು ಕಳೆಯಬೇಕು, ಕೆಳಗೆ 5ನ್ನು ಪೂರ್ತಿ ತೋರಿಸಬೇಕು. ನಷ್ಟಕ್ಕೆ ಮಾರಿದ್ದರೆ ಮೇಲೆ ನಷ್ಟವನ್ನು ಕೂಡಬೇಕು, ಕೆಳಗೆ ಬಂದಷ್ಟು ದುಡ್ಡು ಬರೆಯಬೇಕು.

ಎದ್ದು ಹೊರಡುವಾಗ ಸರ್ ಫೋನ್ ಮಾಡಿ ಇನ್ನೆರಡು ಕೇಳಿಕೊಂಡು ಬಾ ಅಂದರು. ಒಂದು, ಹಲ್ಲರ್ ದುಡ್ಡು ಐದೂ ಲಕ್ಷ ಮಾರ್ಚ್ ಒಳಗೆ ಬ್ಯಾಂಕಿಗೆ ಬಂತಾ? ಬಂದಿಲ್ಲದೇ ಇದ್ದರೆ ಬಾಕಿ ದುಡ್ಡು ಈ ವರ್ಷದ ಕ್ಯಾಶ್ ಫ್ಲೋದಲ್ಲಿ ಬರುವ ಹಾಗಿಲ್ಲ. ಡೆಟರ್ಸ್ ಒಳಗೆ ಅದು ಸೇರಿದ್ದರೆ ಅಲ್ಲಿಂದಲೂ ತೆಗೆದೇ ವ್ಯತ್ಯಾಸ ನೋಡಬೇಕು. ಪಾಸ್ ಪುಸ್ತಕದಲ್ಲಿ ಡಿಸೆಂಬರ್‌ನಲ್ಲಿ 3, ಫೆಬ್ರವರಿಯಲ್ಲಿ 2 ಅಂತ ಇತ್ತು. ಎರಡು, ಕ್ರೆಡಿಟರ್ಸ್ 7ರಲ್ಲಿ ಸಾರ್ಟರ್ ಕೊಟ್ಟವರ ಬಾಕಿ ಏನಾದರೂ ಇದೆಯಾ? ಇದ್ದರೆ ಅದು ಕಾಫಿ ಕೊಂಡ ಬಾಕಿಯಲ್ಲ. ಅದನ್ನು ವರ್ಕಿಂಗ್ ಕ್ಯಾಪಿಟಲ್ ಬದಲಾವಣೆಯಿಂದ ತೆಗೆದು, ಯಂತ್ರಕ್ಕೆ ನಿಜವಾಗಿ ಕೊಟ್ಟಷ್ಟನ್ನೇ ಹೂಡಿಕೆಯಲ್ಲಿ ತೋರಿಸಬೇಕು. ರೈಟರ್ ಲೆಡ್ಜರ್ ಪ್ರಿಂಟ್ ತೆಗೆದುಕೊಟ್ಟರು. ಏಳೂ ಲಕ್ಷ ಬೆಳೆಗಾರರದ್ದೇ ಬಾಕಿ. ಸಾರ್ಟರ್‌ಗೆ ಪೂರ್ತಿ ಕೊಟ್ಟಾಗಿತ್ತು.

ಲೋನ್ ಸ್ಟೇಟ್‌ಮೆಂಟ್ ಕೂಡ ಇಸಕೊಂಡು ಬಂದದ್ದು ಒಳ್ಳೆಯದಾಯಿತು. ಸಾಲ 6 ಹೆಚ್ಚಿದೆ ಅಂತ ನಾನು ಒಂದೇ ಸಾಲು ಬರೆದಿದ್ದೆ. ನಿಜವಾಗಿ ಸಾರ್ಟರ್‌ಗೆ ಅಂತ 10 ಹೊಸದಾಗಿ ತಗೊಂಡು, ಹಳೆಯ ಸಾಲಕ್ಕೆ 4 ಕಂತು ಕಟ್ಟಿದ್ದರು. ಇವನ್ನು ಬೇರೆ ಬೇರೆ ಸಾಲಿನಲ್ಲೇ ತೋರಿಸಬೇಕು. ಕಂತು ಕಟ್ಟುವವರಾ ಅಂತ ಬ್ಯಾಂಕಿನವರು ನೋಡುವುದೇ ಅದನ್ನು.

ಅವತ್ತೇ ಸಂಜೆ ಬರೆದು ಮುಗಿಸಿದ್ದು ಹೀಗಿದೆ.

| ಲಕ್ಷ ರೂಪಾಯಿಗಳಲ್ಲಿ | |
|---|---|
| ತೆರಿಗೆಗೆ ಮುಂಚಿನ ಲಾಭ | 14 |
| ಸವಕಳಿ ಕೂಡಿ | 7 |
| ಬಡ್ಡಿ ಕೂಡಿ | 2 |
| ಹಲ್ಲರ್ ಮಾರಿದ ಲಾಭ ಕಳೆದು | -1 |
| ಸ್ಟಾಕ್ ಹೆಚ್ಚಳ | -8 |
| ಡೆಟರ್ಸ್ ಇಳಿಕೆ | 2 |
| ಕ್ರೆಡಿಟರ್ಸ್ ಇಳಿಕೆ | -2 |
| ಕಟ್ಟಿದ ತೆರಿಗೆ | -3 |
| ಕಾರ್ಯಾಚರಣೆಯಿಂದ | 11 |
| ಸಾರ್ಟರ್ ಕೊಂಡದ್ದು | -20 |
| ಹಲ್ಲರ್ ಮಾರಿದ ದುಡ್ಡು | 5 |
| ಹೂಡಿಕೆಯಿಂದ | -15 |
| ಹೊಸ ಸಾಲ | 10 |
| ಸಾಲದ ಕಂತು | -4 |
| ಬಡ್ಡಿ | -2 |
| ಡಿವಿಡೆಂಡ್ | -3 |
| ಹಣಕಾಸಿನಿಂದ | 1 |
| ನಗದಿನಲ್ಲಿ ಇಳಿಕೆ | -3 |

ಕೊನೆಯ ಸಾಲು ಶನಿವಾರ ಕೊಟ್ಟ ಹಾಳೆಯಲ್ಲೂ ಮೈನಸ್ 3, ಇದರಲ್ಲೂ ಮೈನಸ್ 3. ಬದಲಾದದ್ದು ಮೇಲಿನ 12 ಹೋಗಿ 11 ಆದದ್ದು, ಮೈನಸ್ 16 ಹೋಗಿ ಮೈನಸ್ 15 ಆದದ್ದು. ಒಂದು ಲಕ್ಷಕ್ಕೆ ಇಷ್ಟೆಲ್ಲ ಯಾಕೆ ಅಂತ ನನಗೂ ಅನ್ನಿಸಿತ್ತು. ಸರ್ ಹೇಳಿದ್ದು, ಓಡಿ ಕೊಡುವವರು ಕಾಫಿ ಸಂಸ್ಕರಿಸಿ ವರ್ಷಕ್ಕೆ ಎಷ್ಟು ದುಡ್ಡು ಹುಟ್ಟುತ್ತೆ ಅಂತ ಕೇಳುತ್ತಾರೆ, ಹಲ್ಲರ್ ಮಾರಿದ್ದನ್ನು ಅದರಲ್ಲಿ ಸೇರಿಸಿ ಹೇಳಿದರೆ ಮುಂದಿನ ವರ್ಷ ಮಾರೋಕೆ ಇನ್ನೊಂದು ಹಲ್ಲರ್ ಎಲ್ಲಿದೆ?

ನನ್ನ ಖರ್ಚಿನ ಲೆಕ್ಕ ಕೇಳಿದರೆ, ಜೆರಾಕ್ಸ್‌ಗೆ 38 ರೂಪಾಯಿ, ಕ್ಯೂರಿಂಗ್ ವರ್ಕ್ಸ್‌ನಿಂದ ಮಳೆಯಲ್ಲಿ ವಾಪಸ್ ಬರಲು ಆಟೋಗೆ 120, ಬೇಗ ಸಂಭ್ರಮಪಟ್ಟು ತರಿಸಿದ ಕಾಫಿಗೆ 30. ನೀವು ಇಂಥ ಕೆಲಸಕ್ಕೆ ಕೂತರೆ ಬ್ಯಾಲೆನ್ಸ್ ಶೀಟ್ ಒಂದನ್ನೇ ತಗೊಂಡು ಬರಬೇಡಿ. ಸ್ಥಿರಾಸ್ತಿಯ ನೋಟ್, ಲೋನ್ ಸ್ಟೇಟ್‌ಮೆಂಟ್, "ಇತರ ಆದಾಯ"ದ ಲೆಡ್ಜರ್ ಮೂರನ್ನೂ ಮೊದಲನೇ ದಿನವೇ ಕೇಳಿ ಇಸಕೊಳ್ಳಿ. ರೈಟರ್ ಊರಲ್ಲಿದ್ದಾರಾ ಅಂತಲೂ ಫೋನ್ ಮಾಡಿ ಕೇಳಿ.

ಗುರುವಾರ ಸರ್ ಈ ಸಲ 20ರ ಬಿಲ್ ನೋಡಿದರು, 5ರ ಪಾಸ್ ಪುಸ್ತಕ ನೋಡಿದರು, ಹಾಳೆ ಮಡಚಿ ಬ್ಯಾಂಕಿನ ಲಕೋಟೆಗೆ ಹಾಕಿದರು. ಆಮೇಲೆ ಇನ್ನೊಂದು ಫೈಲ್ ನನ್ನ ಟೇಬಲ್ ಮೇಲಿಟ್ಟರು. ನಾನು ಹಿಂದಿನ ಪುಟಗಳಿಂದ ತಿರುವಲು ಶುರು ಮಾಡಿದೆ.